ಬೇಸಿನ್ ಕೆಳಗೆ ಇನ್ನೊಂದು ಸುತ್ತು

ನಾನು ಮನೆ ಅಳಿಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಬಾಯಿ ಮುಚ್ಚಿಕೊಂಡು ನಿಂತ ಕಡೆಯೆಲ್ಲ ಓದುವವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಹುಟ್ಟಿದ್ದು ಹೊನ್ನಾಳಿ, ಬಂದು ಸೇರಿಕೊಂಡಿದ್ದು ಚನ್ನಗಿರಿಯ ಹೆಂಡತಿ ಮನೆ. ಅಲ್ಲಿ ಮಾವನೂ ಪ್ಲಂಬರ್, ನಾನೂ ಪ್ಲಂಬರ್. ಇಬ್ಬರಿಗೂ ಒಂದೇ ಚೀಲ, ಒಂದೇ ಬೈಕು. ಇಬ್ಬರಿಗೂ ಯಜಮಾನಿ ಒಬ್ಬಳೇ, ನನ್ನ ಹೆಂಡತಿ. ಗಿರಾಕಿಗಳ ಫೋನು ಬರುವುದು ಅವಳಿಗೆ. ಯಾರು ಯಾವ ಊರಿಗೆ ಹೋಗಬೇಕು, ಏನು ರಿಪೇರಿ, ಊಟಕ್ಕೆ ಎಷ್ಟೊತ್ತಿಗೆ ವಾಪಸ್ಸು, ಎಲ್ಲ ಅವಳದ್ದೇ ತೀರ್ಮಾನ. ನಾವಿಬ್ಬರೂ ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಅವಳ ಬಾಯಿ ನೋಡುತ್ತಿದ್ದೆವು.

ಮಾವ ಕಬ್ಬಿಣದ ಪೈಪಿನ ಕಾಲದವರು. ಆಗಿನ ಕೆಲಸವೇ ಬೇರೆ. ಪೈಪಿನ ತುದಿಯ ಥ್ರೆಡ್ಡಿಗೆ ಸೆಣಬಿನ ನಾರು ಸುತ್ತಿ, ಪೇಂಟು ಬಳಿದು, ದೊಡ್ಡ ಪೈಪ್ ರೆಂಚ್ ಹಾಕಿ, ಹಲ್ಲು ಕಚ್ಚಿ ತಿರುಗಿಸಬೇಕು. ಎಷ್ಟು ಬಿಗಿಯೋ ಅಷ್ಟು ಭದ್ರ. ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ, ಇದು ಹೊಗಳಿಕೆಯಲ್ಲ, ನಿಜ. ಅವರು ಬಿಗಿದ ಜಾಯಿಂಟನ್ನು ಬಿಚ್ಚಬೇಕಾದರೆ ಗೋಡೆ ಒಡೆಯುವುದೇ ಸುಲಭ ಎಂದು ನಮ್ಮ ಕಡೆಯ ಗಾರೆ ಕೆಲಸದವರು ನಗುತ್ತಿದ್ದರು. ಕೆಲಸ ಮುಗಿಯಿತು ಎಂದು ನನಗೆ ಅನ್ನಿಸಿದ ಮೇಲೂ ಮಾವ ಒಂದು ಸಲ ಉಸಿರು ಎಳೆದುಕೊಂಡು, "ಇನ್ನೊಂದು ಸುತ್ತು ಇರ್ಲಿ" ಅನ್ನುತ್ತಿದ್ದರು. ಆ ಇನ್ನೊಂದು ಸುತ್ತಿನಿಂದಲೇ ನನ್ನ ಸಂಸಾರದ ಕಷ್ಟಗಳೆಲ್ಲ ಶುರುವಾದದ್ದು.

ಯಾಕೆಂದರೆ ಕಾಲ ಬದಲಾಯಿತು. ಈಗ ಬೇಸಿನ್ ಕೆಳಗೆ ಗೋಡೆಯಿಂದ ಒಂದು ಆಂಗಲ್ ಕಾಕ್, ನೀರು ತೆರೆದು ಮುಚ್ಚುವ ಗಿಡ್ಡ ನಲ್ಲಿ, ಹೊರಗೆ ಬರುತ್ತದೆ, ಅದರ ಬಾಯಿ ಮೇಲಕ್ಕೆ. ಅಲ್ಲಿಂದ ನಲ್ಲಿಯ ಬುಡಕ್ಕೆ ಸ್ಟೀಲಿನ ಜಾಲರಿ ಹೊದ್ದ, ಬಗ್ಗುವ ಒಂದು ಕನೆಕ್ಷನ್ ಪೈಪು. ಅದರ ಎರಡೂ ತುದಿಗೆ ನಟ್ಟು, ನಟ್ಟಿನೊಳಗೆ ರಬ್ಬರಿನ ಒಂದು ವಾಷರ್. ಆಂಗಲ್ ಕಾಕ್ ಗೋಡೆಗೆ ಸೇರುವಲ್ಲಿ ಟೇಪು ಸುತ್ತಬೇಕು, ಅಲ್ಲಿ ನೀರು ತಡೆಯುವುದು ಆ ಟೇಪು. ಕನೆಕ್ಷನ್ ಪೈಪಿನ ನಟ್ಟಿನಲ್ಲಿ ಹಾಗಲ್ಲ, ಅಲ್ಲಿ ನೀರು ತಡೆಯುವುದು ರಬ್ಬರು. ಅದಕ್ಕೆ ಟೇಪೂ ಬೇಡ, ಪೇಂಟೂ ಬೇಡ, ಪೈಲ್ವಾನನೂ ಬೇಡ. ಬೆರಳಲ್ಲಿ ತಿರುಗಿಸಿ, ನಿಂತ ಮೇಲೆ ಸಣ್ಣ ಸ್ಪ್ಯಾನರ್‌ನಲ್ಲಿ ಒಂಚೂರು. ಅದಕ್ಕಿಂತ ಜಾಸ್ತಿ ಹಿಂಡಿದರೆ ರಬ್ಬರು ನಜ್ಜಾಗುತ್ತದೆ, ಅಂಚು ಕತ್ತರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಸೋರುವುದಿಲ್ಲ, ಅದೇ ಮೋಸ. ನಾವು ಕಾಫಿ ಕುಡಿದು, ನಮಸ್ಕಾರ ಹೇಳಿ, ಬೈಕ್ ಹತ್ತಿ ಬಂದ ಮೇಲೆ ನಿಧಾನವಾಗಿ ತೊಟ್ಟಿಕ್ಕಲು ಶುರು.

ನ್ಯಾಮತಿಯ ಒಬ್ಬ ಟೀಚರಮ್ಮನ ಮನೆಯದು ಹೇಳಿದರೆ ಸಾಕು. ಬೇಸಿನ್ ಕೆಳಗೆ ಒದ್ದೆ ಆಗುತ್ತಿದೆ ಎಂದು ಫೋನು ಮಾಡಿದ್ದರು. ಮಾವ ಬಗ್ಗಿ ನೋಡಿದರು. ಆಂಗಲ್ ಕಾಕಿನ ಮೈಯಿಂದ ಹನಿ ಬೀಳುತ್ತಿತ್ತು. "ಕಾಕ್ ಸಡ್ಲ ಐತೆ" ಎಂದು ತೀರ್ಪು ಕೊಟ್ಟು ರೆಂಚ್ ಹಾಕಿದರು. ಕಾಕ್ ಬಿಗಿಯಾಯಿತು, ಆದರೆ ಮೇಲೆ ನೋಡಬೇಕಾದ ಅದರ ಬಾಯಿ ಪಕ್ಕದ ಗೋಡೆ ನೋಡತೊಡಗಿತು. ಕನೆಕ್ಷನ್ ಪೈಪು ಕತ್ತು ಉಳುಕಿದವರ ಹಾಗೆ ಸೊಟ್ಟಗೆ ನಿಂತಿತು. ಟೀಚರಮ್ಮ ಅದನ್ನೇ ನೋಡುತ್ತಾ, "ಇದು ಹಿಂಗೇ ಇರ್ಬೇಕಾ?" ಅಂದರು. "ಹಿಂಗಿದ್ರೇ ಬಲ" ಅಂದರು ಮಾವ.

ಮೂರನೇ ದಿನ ಮತ್ತೆ ಫೋನು. ಈ ಸಲ ನಾನೊಬ್ಬನೇ ಹೋದೆ. ಮೊದಲು ಒಣಬಟ್ಟೆಯಲ್ಲಿ ಎಲ್ಲ ಒರೆಸಿದೆ. ಆಮೇಲೆ ಪೇಪರಿನ ಚೂರು ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದೇ ಜಾಯಿಂಟು ಮುಟ್ಟಿಸುತ್ತಾ ಬಂದೆ. ನೀರು ಬರುತ್ತಿದ್ದದ್ದು ಮೇಲಿನ ನಟ್ಟಿನಿಂದ, ನಲ್ಲಿಯ ಬುಡದಲ್ಲಿ. ಅದು ಜಾಲರಿಯ ಮೇಲೆ ಸದ್ದಿಲ್ಲದೆ ಇಳಿದು ಬಂದು ಕಾಕಿನ ಮೇಲೆ ಕೂತು ಅಲ್ಲಿಂದ ಬೀಳುತ್ತಿತ್ತು. ತಪ್ಪು ಮಾಡಿದವರು ಮೇಲೆ, ಏಟು ತಿಂದವರು ಕೆಳಗೆ. ವಾಷರ್ ಬದಲಾಯಿಸಿದೆ. ಕಾಕನ್ನು ಪೂರ್ತಿ ಬಿಚ್ಚಿ, ಹೊಸ ಟೇಪು ಸುತ್ತಿ, ಬಾಯಿ ಮೇಲಕ್ಕೆ ಮಾಡಿ ಕೂರಿಸಿದೆ. ಟೀಚರಮ್ಮ ಕೈಕಟ್ಟಿ ನಿಂತು ನೋಡಿ, "ನಿಮ್ಮ ಮಾವಾರಿಗೆ ಇದನ್ನ ಹೇಳಾಕೆ ಆಗಲ್ವಾ?" ಅಂದರು.

ಆಗಲ್ಲ. ಅದನ್ನು ಅವರಿಗೆ ಹೇಗೆ ತಿಳಿಸಲಿ? ನಮ್ಮ ಮನೆಗಳಲ್ಲಿ ಅಳಿಯ ಮಾವನಿಗೆ ಎದುರು ಮಾತಾಡುವುದಿಲ್ಲ. ಮಾವ ಉಪ್ಪು ಜಾಸ್ತಿಯಾದ ಸಾರು ಚೆನ್ನಾಗಿದೆ ಅಂದರೆ ಅದು ಚೆನ್ನಾಗಿರುತ್ತದೆ. ಅದರಲ್ಲೂ ಮನೆ ಅಳಿಯ ಅಂದರೆ ಮಾತಿಗೆ ಮೊದಲೇ ಹೌದು ಅಂದಿರಬೇಕು. ಅವರು ಕೈ ಹಾಕಿದ ಜಾಯಿಂಟನ್ನು ಅವರ ಕಣ್ಣೆದುರು ನಾನು ಮುಟ್ಟುವುದಂತೂ ದೂರದ ಮಾತು. ಹಾಗಾಗಿ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ವಾಷರ್ ಇರುತ್ತಿದ್ದವು, ಕೆಲವರ ಜೇಬಿನಲ್ಲಿ ಎಲೆ ಅಡಿಕೆ ಇರುವ ಹಾಗೆ. ಮಾವ ಹೊನ್ನಾಳಿಯಲ್ಲಿ ಕೆಲಸ ಮಾಡಿ ಬಂದರೆ ನನಗೆ ಎರಡು ದಿನದಲ್ಲಿ ಅಮ್ಮನ ನೆನಪಾಗಿ ಹೊನ್ನಾಳಿಗೆ ಹೋಗಬೇಕಾಗುತ್ತಿತ್ತು. ಸಾಸ್ವೆಹಳ್ಳಿಯಲ್ಲಿ ಮಾಡಿ ಬಂದರೆ ಅಲ್ಲಿ ನನ್ನ ಯಾರೋ ಗೆಳೆಯನಿಗೆ ಹುಷಾರಿರುತ್ತಿರಲಿಲ್ಲ. "ನಿಮ್ಗೆ ಮಾತೃಭಕ್ತಿ ಬಾಳ ಐತೆ ಅಳಿಯಾರೇ" ಎಂದು ಮಾವ ಮೆಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಮಾತ್ರ ಮೂಲೆಯಲ್ಲಿ ನಿಂತು ನಗುತ್ತಿದ್ದಳು. ದೂರಿನ ಫೋನು ಬರುತ್ತಿದ್ದದ್ದು ಅವಳಿಗೇ ತಾನೆ.

ಹೀಗೆ ಎಷ್ಟು ವರ್ಷ ನಡೆಯುತ್ತಿತ್ತೋ. ಒಂದು ದಿನ ತ್ಯಾವಣಿಗೆಯಿಂದ ವಾಪಸ್ಸು ಬರುವಾಗ, ರಸ್ತೆ ಮೇಲೆ ಒಣಗಲು ಹರವಿದ್ದ ಮೆಕ್ಕೆಜೋಳದ ಮೇಲೆ ಬೈಕ್ ಜಾರಿತು. ನನಗೆ ಮೊಣಕಾಲು ತರಚಿತು. ಮಾವನ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು, ತೆಗೆದರು, ಎಣ್ಣೆ ತಿಕ್ಕಿದರು. ಮೂಳೆ ಕೂಡಿತು, ಆದರೆ ಹಳೆಯ ಬಲ ವಾಪಸ್ಸು ಬರಲಿಲ್ಲ. ರೆಂಚ್ ಹಿಡಿದು ಒತ್ತಿದರೆ ಮಣಿಕಟ್ಟಿನಲ್ಲಿ ಚುರ್ ಅನ್ನುತ್ತಿತ್ತು. ಮಾವ ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ಚಹಾದ ಲೋಟವನ್ನು ಎಡಗೈಯಲ್ಲಿ ಎತ್ತಿಕೊಳ್ಳುವುದನ್ನು ಮಗಳು ನೋಡಿದಳು.

"ಅಪ್ಪಾಜಿ, ಇನ್ನು ಸಾಕು. ನೀವು ಮನೇಲಿರ್ರಿ" ಅಂದಳು ಒಂದು ಬೆಳಿಗ್ಗೆ.

ಮಾವ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು. "ಮನೇಲಿದ್ದು ಏನ್ ಮಾಡ್ಲಿ?"

"ಟಿವಿ ನೋಡ್ರಿ. ಗುಡಿಗೆ ಹೋಗ್ರಿ. ಈಗ್ಲೇ ಅರ್ಧ ಫೋನು ಸೋರ್ತೈತೆ ಅಂತ್ಲೇ ಬರ್ತಾವೆ. ಕೈಯಾಗೆ ಬಲ ಇದ್ದಾಗ್ಲೇ ಹಂಗೆ, ಇನ್ನು ಇಲ್ದಾಗ ಹೆಂಗೆ?"

ಅವಳಿಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಪ್ರೀತಿ ಜಾಸ್ತಿಯಾದಾಗ ಅವಳು ಹೀಗೇ ಮಾತಾಡುವುದು, ನನಗೆ ಅನುಭವ ಇದೆ. ಮಾವನ ಮುಖ ಮಾತ್ರ ಸಣ್ಣದಾಯಿತು. ಅವರಿಗೆ ಬೇರೆ ಯಾವ ಹುಚ್ಚೂ ಇರಲಿಲ್ಲ, ಇಸ್ಪೀಟು ಇಲ್ಲ, ರಾಜಕೀಯ ಇಲ್ಲ, ಭಜನೆಯೂ ಇಲ್ಲ. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರೆ ಅವರು ಮನುಷ್ಯ, ಇಲ್ಲದಿದ್ದರೆ ಜಗುಲಿ ಮೇಲಿನ ಒಂದು ಸಾಮಾನು. ಸುಳ್ಳು ಯಾಕೆ ಹೇಳಲಿ, ಮೊದಲ ಕ್ಷಣಕ್ಕೆ ನನಗೆ ಖುಷಿಯೇ ಆಯಿತು. ಇನ್ನು ಮೇಲೆ ಅಮ್ಮನ ನೆನಪಾದಾಗ ಮಾತ್ರ ಹೊನ್ನಾಳಿಗೆ ಹೋಗಬಹುದು ಅಂದುಕೊಂಡೆ. ಆಮೇಲೆ ಅವರ ತಟ್ಟೆಯಲ್ಲಿ ಹಾಗೇ ಉಳಿದ ರೊಟ್ಟಿ ನೋಡಿ ಆ ಖುಷಿ ನಿಲ್ಲಲಿಲ್ಲ.

ಮಾವ ತಟ್ಟನೆ ತಲೆ ಎತ್ತಿದರು. "ಜಗಳೂರು ಛತ್ರದ ಕೆಲ್ಸ ಒಪ್ಕಂಡಿದೀನಿ. ಅದೊಂದು ಮಾಡ್ತೀನಿ. ಅಲ್ಲಿ ನನ್ನ ಕೈ ಬಿಗಿ ಮಾಡಿದ ಜಾಯಿಂಟು ಒಂದು ಹನಿ ಸೋರಿದ್ರೂ ಸೈತ ನಾನೇ ಚೀಲ ಅಳಿಯಾರಿಗೆ ಕೊಟ್ಟು ಮನೇಲಿ ಕೂರ್ತೀನಿ. ಸೋರ್ಲಿಲ್ಲ ಅಂದ್ರೆ ನೀನು ಬಾಯಿ ಮುಚ್ಕಬೇಕು."

"ಆಯ್ತು" ಅಂದಳು ಮಗಳು. ಅಪ್ಪನ ಬಗ್ಗೆ ಗೊತ್ತಿದ್ದವಳು, ಗೆದ್ದಾಯಿತು ಎನ್ನುವ ಹಾಗೆ ಹೇಳಿದಳು.

ಜಗಳೂರಿನದು ಒಂದು ಮದುವೆ ಛತ್ರ. ಊಟದ ಹಾಲಿನ ಪಕ್ಕ ಕೈ ತೊಳೆಯುವ ಜಾಗವನ್ನು ಹೊಸದಾಗಿ ಮಾಡಿಸಿದ್ದರು. ಕಿಟಕಿ ಕಡೆ ಒಂದು ಸಾಲು ಬೇಸಿನ್, ಗೋಡೆ ಕಡೆ ಇನ್ನೊಂದು ಸಾಲು. ಆಂಗಲ್ ಕಾಕು, ಕನೆಕ್ಷನ್ ಪೈಪು ಎಲ್ಲ ಹೊಸವು. ಮಾರನೇ ದಿನದ ಸಂಜೆಗೆ ಒಂದು ಮದುವೆಯ ಜನ ಬರುವವರಿದ್ದರು. ಅಡಿಗೆಯವರು ಅವತ್ತೇ ಬಂದು ಒಲೆ ಹೂಡುತ್ತಿದ್ದರು.

ಛತ್ರದ ಮ್ಯಾನೇಜರು ನಮ್ಮನ್ನು ನೋಡಿದವರೇ ನೀರಿನ ವಿಚಾರ ತೆಗೆದರು. ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಅವರು ಅದನ್ನು ತುಪ್ಪದ ಹಾಗೆ ಬಡಿಸುತ್ತಿದ್ದರು. "ಹಳೇ ನಲ್ಲಿಗಳು ರಾತ್ರಿಯೆಲ್ಲ ತೊಟಕ್ ತೊಟಕ್ ಅನ್ನೋವು. ನಂಗೆ ನಿದ್ದೇನೇ ಇರ್ಲಿಲ್ಲ ರೀ. ಒಂದೊಂದು ಹನಿಗೂ ಕರುಳು ಕಿತ್ತು ಬರ್ತೈತೆ. ಒಂದು ಹನಿ ಸೋರ್ಬಾರ್ದು ನೋಡ್ರಿ."

"ಸೋರಲ್ಲ" ಅಂದರು ಮಾವ, ನನ್ನ ಕಡೆ ನೋಡದೆ.

ಗೋಡೆಗೆ ಆಂಗಲ್ ಕಾಕ್ ಕೂರಿಸುವ ಕೆಲಸ ನಾನು ತೆಗೆದುಕೊಂಡೆ. ಅದಕ್ಕೆ ನಿಜಕ್ಕೂ ಬಲ ಬೇಕು, ಟೇಪು ಸುತ್ತಿ, ಬಾಯಿ ಸರಿಯಾಗಿ ಮೇಲಕ್ಕೆ ಬರುವಲ್ಲಿಗೆ ಬಿಗಿಯಾಗಬೇಕು. "ಕನೆಕ್ಷನ್ ಪೈಪು ನೀವು ನೋಡ್ಕಳ್ರಿ ಮಾವಾರೇ" ಅಂದೆ. ಮಾವ ಕಿಟಕಿ ಕಡೆಯ ಸಾಲಿನಲ್ಲಿ ಬೇಸಿನ್ ಕೆಳಗೆ ಬೆನ್ನು ಕೊಟ್ಟು ಮಲಗಿದರು. ಅಲ್ಲಿ ರೆಂಚ್ ತಿರುಗಿಸಲು ಜಾಗವೂ ಇಲ್ಲ, ಅವರ ಕೈಗೆ ಅದು ಆಗುವುದೂ ಇಲ್ಲ. ಬೆರಳಲ್ಲಿ ನಟ್ಟು ತಿರುಗಿಸುತ್ತಿದ್ದರು, ನಿಂತ ಮೇಲೆ ಸಣ್ಣ ಸ್ಪ್ಯಾನರ್ ಹಾಕಿ ಎಳೆಯುತ್ತಿದ್ದರು. ಒಂಚೂರು ಎಳೆಯುವಷ್ಟರಲ್ಲಿ ಮಣಿಕಟ್ಟು ನೋಯುತ್ತಿತ್ತು. "ಥೂ ನಿನ್ನ" ಎಂದು ಕೈಯನ್ನೇ ಬೈಯುತ್ತಿದ್ದರು. ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ನಾನು ದೂರದಿಂದಲೇ ನೋಡಿ, ಬೇಕಂತಲೇ ಜೋರಾಗಿ ಸುತ್ತಿಗೆ ಸದ್ದು ಮಾಡಿದೆ.

ಗೋಡೆ ಕಡೆಯ ಸಾಲಿನ ಕಾಕುಗಳೂ ಮುಗಿದ ಮೇಲೆ ಟೇಪು ಖಾಲಿಯಾಯಿತು. ನೀರು ಬಿಟ್ಟಾಗ ಯಾವುದಾದರೂ ಕಾಕ್ ಸೋರಿದರೆ ಬೇಕಾಗುತ್ತದೆ, ಅಂಗಡಿಗೆ ಹೋಗಿ ಬರುತ್ತೇನೆ ಎಂದು ಹೊರಟೆ. ಜಗಳೂರಿನಲ್ಲಿ ಅಂಗಡಿಯವನು ಊಟಕ್ಕೆ ಹೋಗಿದ್ದ. ಅವನು ಬಂದ, ಕುಶಲ ವಿಚಾರಿಸಿದ, ಚನ್ನಗಿರಿಯಲ್ಲಿ ಅಡಿಕೆ ರೇಟು ಕೇಳಿದ. ನನಗೆ ಅಡಿಕೆ ಮರವನ್ನು ಮುಟ್ಟಿದ್ದೂ ನೆನಪಿಲ್ಲ, ಆದರೂ ಚನ್ನಗಿರಿಯವನು ಎಂಬ ಗೌರವಕ್ಕೆ ಏನೋ ಒಂದು ರೇಟು ಹೇಳಿದೆ. ಟೇಪು ಹಿಡಿದು ವಾಪಸ್ಸು ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು, ಗೋಡೆ ಕಡೆಯ ಸಾಲೂ ಮುಗಿದಿತ್ತು. ಮಾವ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಕೂತಿದ್ದರು. ಮುಖದಲ್ಲಿ ಹಳೆಯ ಕಳೆ ಬಂದಿತ್ತು.

"ಎಲ್ಲ ಆಯ್ತಾ?" ಅಂದೆ ಬೆರಗಿನಿಂದ.

"ಈ ಸಾಲು ಕಬ್ಬಿಣ" ಅಂದರು ಗೋಡೆ ಕಡೆ ಕೈ ತೋರಿಸಿ.

ನೀರು ಬಿಟ್ಟೆವು. ನಲ್ಲಿಗಳೆಲ್ಲ ಬಂದ್ ಮಾಡಿ, ಒತ್ತಡ ಪೂರ್ತಿ ಪೈಪಿನೊಳಗೆ ನಿಲ್ಲುವ ಹಾಗೆ ಆಂಗಲ್ ಕಾಕ್ ತೆರೆದಿಟ್ಟೆವು. ಒಣಬಟ್ಟೆಯಿಂದ ಒಂದೊಂದನ್ನೂ ಒರೆಸಿದೆ. ಎಲ್ಲಿಯೂ ಹನಿ ಇರಲಿಲ್ಲ. ಆದರೆ ಆ ಹೊತ್ತಿಗೆ ಒಣಗಿರುವುದನ್ನು ನಂಬುವವನು ನಾನಲ್ಲ. ಪ್ರತಿ ಬೇಸಿನ್ ಕೆಳಗೂ ಒಂದು ಪೇಪರ್ ಹಾಕಿ ಬೆಳಿಗ್ಗೆ ನೋಡೋಣ ಅಂದೆ. ಮ್ಯಾನೇಜರು ಆಫೀಸಿಗೆ ಹೋಗಿ ಒಂದು ಕಂತೆ ಹಳೇ ಲಗ್ನಪತ್ರಿಕೆ ತಂದರು. ಛತ್ರದಲ್ಲಿ ಅವಕ್ಕೇನು ಬರವಿಲ್ಲ. ದೇವರ ಹೆಸರು ನೆಲಕ್ಕೆ ತಾಗಬಾರದೆಂದು ಒಂದೊಂದನ್ನೂ ಮೇಲ್ಮುಖವಾಗಿ, ಮೂಲೆಯ ಅರಿಶಿನ ಕುಂಕುಮ ಕಾಣುವ ಹಾಗೆ ಅವರೇ ಇಟ್ಟರು. ಹನಿ ಬಿದ್ದರೆ ಅರಿಶಿನ ಹರಡುತ್ತದೆ, ನೋಡಲು ಸುಲಭ. ಸಾಲು ಬೇಸಿನ್‌ಗಳನ್ನು ಮದುವೆಗೆ ಕರೆದ ಹಾಗೆ ಕಾಣುತ್ತಿತ್ತು.

ಅಡಿಗೆಯವರ ಜೊತೆ ಊಟ ಮಾಡಿ ಅಲ್ಲೇ ಮಲಗಿದೆವು. ಮಾವ ಗೊರಕೆ ಹೊಡೆದರು, ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ನನಗಿಂತ ಮೊದಲು ಮಾವ ಎದ್ದಿದ್ದರು. ನಾನು ಹೋದಾಗ ಗೋಡೆ ಕಡೆಯ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಲಗ್ನಪತ್ರಿಕೆ ಹಿಡಿದಿದ್ದರು. ಅದರ ಮೂಲೆಯ ಅರಿಶಿನ ಹರಿದು ವಧುವಿನ ಹೆಸರಿನವರೆಗೆ ಬಂದಿತ್ತು. ಪಕ್ಕದ್ದೂ ಹಾಗೇ, ಅದರ ಪಕ್ಕದ್ದೂ. ಗೋಡೆ ಕಡೆಯ ಸಾಲಿನಲ್ಲಿ ಒಣಗಿದ್ದ ಪತ್ರಿಕೆಯೇ ಇರಲಿಲ್ಲ.

ಮಾವ ಎದ್ದರು. ಚೀಲದಿಂದ ದೊಡ್ಡ ರೆಂಚ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. "ತಗಳ್ರಿ ಅಳಿಯಾರೇ. ಮಾತು ಅಂದ್ರೆ ಮಾತು."

ಇಷ್ಟು ವರ್ಷ ಅವರ ಹಿಂದೆ ವಾಷರ್ ಹಿಡಿದು ಓಡಾಡಿದ್ದಕ್ಕೆ ನನಗೆ ಬೇಕಾದದ್ದು ಇದೇ ಅಲ್ಲವೇ? ಆದರೆ ಆ ರೆಂಚ್ ಹಿಡಿಯಲು ಕೈ ಮುಂದೆ ಹೋಗಲಿಲ್ಲ. ಸುಮ್ಮನೆ ಕಿಟಕಿ ಕಡೆ ತಿರುಗಿ ಆ ಸಾಲಿನ ಪತ್ರಿಕೆಗಳನ್ನು ನೋಡತೊಡಗಿದೆ. ಮೊದಲನೆಯದು ಒಣಗಿತ್ತು. ಎರಡನೆಯದೂ ಒಣಗಿತ್ತು. ಕೊನೆಯವರೆಗೆ ಹೋದೆ. ಎಲ್ಲದರ ಮೂಲೆಯ ಅರಿಶಿನವೂ ಇಟ್ಟ ಹಾಗೇ ಇತ್ತು. ಮೊಣಕಾಲೂರಿ ನಟ್ಟುಗಳನ್ನು ಪೇಪರಿನಿಂದ ಮುಟ್ಟಿಸಿ ನೋಡಿದೆ, ಮೇಲಿಂದ ಕೆಳಗೆ. ಎಲ್ಲೂ ತೇವವಿಲ್ಲ.

"ಮಾವಾರೇ, ಈ ಸಾಲು ನೀವೇ ತಾನೆ ಮಾಡಿದ್ದು?"

"ನಾನೇ. ಅದು ಸೋರೇ ಸೋರ್ತೈತೆ, ಅದ್ರಾಗೆ ಬಲಾನೇ ಇಲ್ಲ. ನೋಡಾಕೂ ಹೋಗಿಲ್ಲ ನಾನು."

"ಒಂದು ಹನಿನೂ ಇಲ್ಲ."

ಮಾವ ನಂಬಲಿಲ್ಲ. ಬಂದು ಬಗ್ಗಿ ನೋಡಿದರು. ಬೆರಳು ಹಾಕಿ ನಟ್ಟಿನ ಸುತ್ತ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಅಷ್ಟರಲ್ಲಿ ಅಡಿಗೆಯವರ ಪೈಕಿ ಹಿರಿಯ ಆಸಾಮಿಯೊಬ್ಬ ಚಹಾ ಹಿಡಿದು ಬಂದ. ಸೊಕ್ಕೆ ಊರಿನ ಕಡೆಯವನು, ನೂರಾರು ಜನರ ಅನ್ನದ ಕೊಪ್ಪರಿಗೆಯನ್ನು ಒಬ್ಬನೇ ಬಗ್ಗಿಸುವ ತೋಳು. ನೆಲದ ಮೇಲೆ ಒದ್ದೆ ಪತ್ರಿಕೆಗಳನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು.

"ಏನ್ರೀ ಯಜಮಾನ್ರೇ, ಸೋರಿ ಬಿಟ್ವಾ? ಅಷ್ಟು ಗಟ್ಟಿ ತಿರುವಿದ್ನಲ್ರೀ ನಾನು! ನೀವು ಇನ್ನೊಂದು ಸುತ್ತು ಅಂದಾಗೆಲ್ಲ ಒಂದ್ಸಲ ಜಾಸ್ತಿನೇ ತಿರುವೀನಿ!"

ಅಡಿಗೆಯವನು ತನ್ನ ತೋಳನ್ನು ತಾನೇ ಅನುಮಾನದಿಂದ ನೋಡಿಕೊಂಡ. ಮಾವ ಚಹಾದ ಲೋಟ ತೆಗೆದುಕೊಂಡು ಗೋಡೆಗೆ ಒರಗಿ ಕೂತರು. ನನಗೆ ಒಂದೊಂದಾಗಿ ಎಲ್ಲ ಅರ್ಥವಾಯಿತು. ಮಣಿಕಟ್ಟಿನ ನೋವಿಗೆ ಸೋತು, ತನ್ನ ಕೈಯ ಕೆಲಸವನ್ನು ತಾನೇ ನಂಬದೆ, ನಾನು ಅಂಗಡಿಗೆ ಹೋದ ಹೊತ್ತಿನಲ್ಲಿ ಈ ಪೈಲ್ವಾನನನ್ನು ಕರೆದು, ಪಕ್ಕದಲ್ಲಿ ನಿಂತು ಸುತ್ತು ಹೇಳಿದ್ದಾರೆ. ಕಿಟಕಿ ಕಡೆಯದನ್ನೂ ಬಿಗಿ ಮಾಡಿಸಬೇಕೆಂದಿದ್ದರಂತೆ, ಅಷ್ಟರಲ್ಲಿ ಒಲೆ ಮೇಲೆ ಬೇಳೆ ಉಕ್ಕಿತು ಎಂದು ಅವನು ಓಡಿದ. ಆ ಬೇಳೆಗೆ ನಾನು ಈಗಲೂ ಕೈ ಮುಗಿಯುತ್ತೇನೆ.

ಗೋಡೆ ಕಡೆಯ ಮೊದಲ ನಟ್ಟು ಬಿಚ್ಚಲು ನನ್ನ ಉಸಿರೇ ಹೋಯಿತು. ಒಳಗಿನ ವಾಷರ್ ತೆಗೆದು ಮಾವನ ಅಂಗೈ ಮೇಲೆ ಇಟ್ಟೆ. ನಡುವೆ ತೆಳ್ಳಗಾಗಿ, ಒಂದು ಕಡೆ ಅಂಚು ಕತ್ತರಿಸಿ, ನಟ್ಟಿನ ಥ್ರೆಡ್ಡಿನೊಳಗೆ ಹಿಂಡಿಕೊಂಡು ಹೊರಗೆ ಬಂದಿತ್ತು. ಆಮೇಲೆ ಕಿಟಕಿ ಕಡೆಯ ಒಂದನ್ನು ಬಿಚ್ಚಿ ಅದರ ವಾಷರನ್ನು ಪಕ್ಕದಲ್ಲಿಟ್ಟೆ. ಅದರ ಮೇಲೆ ಒಂದು ತೆಳುವಾದ ಉಂಗುರದ ಗುರುತು ಮಾತ್ರ, ದುಂಡಗೆ, ಪೂರ್ತಿ. ಮಾವ ಎರಡನ್ನೂ ಬೆರಳಲ್ಲಿ ಸವರಿ ನೋಡಿದರು. ಮ್ಯಾನೇಜರು ಬಂದು ಒದ್ದೆ ಪತ್ರಿಕೆಗಳನ್ನು ಕಂಡು ಕಿರುಚಲು ಬಾಯಿ ತೆರೆದರು. "ಮಧ್ಯಾಹ್ನದೊಳಗೆ ಸರಿ ಮಾಡ್ತೀವಿ, ಈ ಕಡೆ ಸಾಲು ನೋಡ್ರಿ, ಇಡೀ ಊರು ಕೈ ತೊಳ್ಕಂಡ್ರೂ ಸೋರಲ್ಲ" ಎಂದು ಹೇಳಿ ಅವರನ್ನು ಚಹಾದ ಕಡೆ ಕಳಿಸಿದೆ.

ಅಷ್ಟರಲ್ಲಿ ಹೆಂಡತಿಯ ಫೋನು. ಕಾಯುತ್ತಾ ಕೂತಿದ್ದಳು ಅನ್ನಿಸುತ್ತದೆ.

"ಸೋರ್ತಾ?"

"ನಿಮ್ಮಪ್ಪಾಜಿ ಕೈ ಬಿಗಿ ಮಾಡಿದ್ದು ಒಂದೂ ಸೋರಿಲ್ಲ."

"ಸುಳ್ಳು ಹೇಳ್ಬ್ಯಾಡ್ರಿ. ನೀವು ರಾತ್ರಿ ಎದ್ದು ವಾಷರ್ ಬದ್ಲಾಯ್ಸಿರ್ತೀರಿ."

"ನಿನ್ನಾಣೆಗೂ ಇಲ್ಲ."

"ನನ್ನ ಮೇಲೆ ಯಾಕ್ ಆಣೆ ಹಾಕ್ತೀರಿ, ನಿಮ್ಮ ಹೊನ್ನಾಳಿ ಅಮ್ಮನ ಮೇಲೆ ಹಾಕ್ರಿ."

ಹಾಕಿದೆ. ಆ ಕಡೆ ಮೂಗು ಏರಿಸಿಕೊಂಡದ್ದು ಕೇಳಿಸಿತು. "ಹಂಗಾರೆ ಸೋಮವಾರ ನ್ಯಾಮತಿಯಾಗೆ ಒಂದು ಕೆಲ್ಸ ಐತೆ, ಇಬ್ರೂ ಹೋಗ್ರಿ" ಎಂದು ಫೋನು ಇಟ್ಟಳು. ಸೋತದ್ದಕ್ಕೆ ಅವಳಿಗಾದಷ್ಟು ಸಂತೋಷ ಗೆದ್ದಿದ್ದರೂ ಆಗುತ್ತಿರಲಿಲ್ಲ ಎಂದು ನನಗೆ ಗೊತ್ತಾಯಿತು.

ಮಾವನಿಗೆ ವಿಷಯ ಹೇಳಿದೆ. ಅವರು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಹಿಗ್ಗಲಿಲ್ಲ. ಅಂಗೈ ಮೇಲಿನ ಎರಡು ವಾಷರ್‌ಗಳನ್ನೇ ನೋಡುತ್ತಿದ್ದರು.

"ಅಂದ್ರೆ ಕೈಯಾಗೆ ಬಲ ಇದ್ದಾಗೆಲ್ಲ ಸೋರ್ತಿತ್ತು" ಅಂದರು.

ನಾನು ಎರಡನೇ ನಟ್ಟಿಗೆ ಸ್ಪ್ಯಾನರ್ ಹಾಕಿದೆ.

"ಅವಾಗೆಲ್ಲ ಹೊನ್ನಾಳಿಗೆ, ಸಾಸ್ವೆಹಳ್ಳಿಗೆ ಅಂತ ಹೋಗ್ತಿದ್ರಲ್ಲ. ಇದಕ್ಕೇನಾ?"

ನನ್ನ ಕೈ ತಾನಾಗಿ ಅಂಗಿ ಜೇಬಿನ ಮೇಲೆ ಹೋಯಿತು. ಮಾವನಿಗೆ ಉತ್ತರ ಅಷ್ಟರಲ್ಲೇ ಸಿಕ್ಕಿತು.

"ಬಾಯಿ ಬಿಟ್ಟು ಒಂದ್ ಮಾತು ಹೇಳ್ಬೋದಿತ್ತಲ್ಲ ಅಳಿಯಾರೇ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾನು ಬೈತಿದ್ದೆ, ಹೌದು. ಒಂದು ವಾರ ಮಾತಾಡ್ತಿರ್ಲಿಲ್ಲ. ಆಮೇಲೆ ಕಲಿತಿದ್ದೆ."

ಮರ್ಯಾದೆ ಕೊಟ್ಟೆ ಎಂದು ನಾನು ಅಂದುಕೊಂಡಿದ್ದೆ. ಅವರನ್ನು ಕಲಿಯಲು ಬಿಡದೆ ಕೂರಿಸಿದ್ದೆ ಎಂದು ಅವತ್ತು ಜಗಳೂರಿನ ಆ ಒದ್ದೆ ನೆಲದ ಮೇಲೆ ಅನ್ನಿಸಿತು. ಜೇಬಿನಿಂದ ಹೊಸ ವಾಷರ್ ತೆಗೆದು ಕೊಟ್ಟೆ.

ಮಾವ ಅದನ್ನು ನಟ್ಟಿನೊಳಗೆ ಕೂರಿಸಿ, ಗೋಡೆ ಕಡೆಯ ಮೊದಲ ಬೇಸಿನ್ ಕೆಳಗೆ ಮಲಗಿದರು. ಪೈಪು ತಿರುಚದ ಹಾಗೆ ಎಡಗೈಯಲ್ಲಿ ಹಿಡಿದು ಬಲಗೈ ಬೆರಳಲ್ಲಿ ತಿರುಗಿಸಿದರು. ನಟ್ಟು ನಿಂತಿತು. ಸ್ಪ್ಯಾನರ್ ಹಾಕಿದರು.

"ಬರ್ರಿ ಇಲ್ಲಿ" ಅಂದರು ಕೆಳಗಿನಿಂದ. "ಎಲ್ಲಿ ಸಾಕು ಅಂತ ನಂಗೆ ಗೊತ್ತಾಗಲ್ಲ. ನೀವು ಹೇಳ್ರಿ."

ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಮಲಗಿ ತಲೆಯನ್ನು ಬೇಸಿನ್ ಕೆಳಗೆ ತೂರಿಸಿದೆ. ಸ್ಪ್ಯಾನರ್ ಒಂಚೂರು ತಿರುಗಿತು. ಇನ್ನೊಂಚೂರು. ಅವರು ಹಲ್ಲು ಕಚ್ಚಿ ಇನ್ನೂ ಎಳೆಯಲು ಹೊರಟರು.

"ಸಾಕು ಮಾವಾರೇ" ಅಂದೆ.

ಮಾವ ಕೈ ತೆಗೆದರು.